ಊಟದ ಹೊತ್ತು ಮೀರಿದ ಗೋಷ್ಠಿಯಲ್ಲಿ ಕೊನೆಯ ಭಾಷಣಕಾರರನ್ನು ಪರಿಚಯಿಸುವುದು

ತಾಲ್ಲೂಕು ಸಾಹಿತ್ಯ ಸಮ್ಮೇಳನದ ಮೊದಲ ಗೋಷ್ಠಿ ಎಂದುಕೊಳ್ಳಿ. ವಿಷಯ ‘ನಮ್ಮ ಕೆರೆಗಳು’. ಆಹ್ವಾನ ಪತ್ರಿಕೆಯಲ್ಲಿ ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಎಂದು ಅಚ್ಚಾಗಿದೆ. ಉದ್ಘಾಟನೆ ಎಳೆದಾಡಿದ್ದರಿಂದ ಗೋಷ್ಠಿ ಶುರುವಾದದ್ದೇ ಹನ್ನೆರಡಕ್ಕೆ. ಆಶಯ ನುಡಿ ಮುಗಿದು, ಇಬ್ಬರು ಮಾತನಾಡಿ, ಮೂರನೆಯವರು ಇನ್ನೂ ಮೈಕಿನ ಮುಂದೆ ಇದ್ದಾರೆ. ಗಂಟೆ ಒಂದು ದಾಟಿದೆ. ಶಾಮಿಯಾನದ ಹಿಂದಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿದೆ. ನಾಲ್ಕನೆಯವರು ಬಾಕಿ ಇದ್ದಾರೆ, ಅವರ ನಂತರ ಅಧ್ಯಕ್ಷರ ನುಡಿಯೂ ಇದೆ. ನಿರೂಪಣೆ ನಿಮ್ಮದು.

ಈ ಹೊತ್ತಿನಲ್ಲಿ ಸಭಿಕರ ತಲೆಯಲ್ಲಿ ಇರುವ ಪ್ರಶ್ನೆ ಒಂದೇ: ಇದು ಎಷ್ಟು ಹೊತ್ತಿಗೆ ಮುಗಿಯುತ್ತದೆ? ಹಸಿವನ್ನು ಜನ ಹದಿನೈದು ನಿಮಿಷ ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಲು ಆಗದಿರುವುದು, ಮುಗಿಯುವ ಹೊತ್ತು ಯಾರಿಗೂ ಗೊತ್ತಿಲ್ಲ ಎಂಬ ಸ್ಥಿತಿಯನ್ನು. ಆದ್ದರಿಂದ ಕೊನೆಯ ಭಾಷಣಕಾರರ ಪರಿಚಯ ಎರಡು ಕೆಲಸ ಮಾಡಿದರೆ ಸಾಕು. ಮುಗಿಯುವ ಹೊತ್ತನ್ನು ನಂಬುವಂತೆ ಹೇಳಬೇಕು, ಅಲ್ಲಿಯವರೆಗೆ ಕೂರಲು ಒಂದು ಕಾರಣ ಕೊಡಬೇಕು. ಇದರ ಮುಕ್ಕಾಲು ಪಾಲು ಕೆಲಸವನ್ನು ಮೂರನೆಯವರ ಭಾಷಣ ನಡೆಯುತ್ತಿರುವಾಗಲೇ ಮಾಡಿ ಮುಗಿಸಬೇಕು. ಮೈಕು ಕೈಗೆ ಬಂದ ಮೇಲೆ ಯೋಚಿಸಲು ಹೋದರೆ ತಡವಾಗಿರುತ್ತದೆ.

ಮೊದಲು ಅಧ್ಯಕ್ಷರ ಬಳಿ ಹೋಗಿ

ಗೋಷ್ಠಿಯ ಸಮಯದ ಮೇಲೆ ಅಧಿಕಾರ ಇರುವುದು ಅಧ್ಯಕ್ಷರಿಗೆ, ನಿರೂಪಕರಿಗಲ್ಲ. ಮೂರನೆಯವರು ಮಾತನಾಡುತ್ತಿರುವಾಗಲೇ ಒಂದು ಚೀಟಿ ಬರೆದು ಅಧ್ಯಕ್ಷರ ಮುಂದೆ ಇಡಿ. ಸಾಧ್ಯವಾದರೆ ಕುರ್ಚಿಯ ಹಿಂದಿನಿಂದ ಹೋಗಿ ಕಿವಿಯಲ್ಲಿ ಹೇಳಿ. ‘ತಡವಾಗಿದೆ, ಏನು ಮಾಡೋಣ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಅವರು ‘ನೋಡೋಣ’ ಎನ್ನುತ್ತಾರೆ, ನೀವು ಬರಿಗೈಯಲ್ಲಿ ವಾಪಸು ಬರುತ್ತೀರಿ. ಲೆಕ್ಕ ಹಾಕಿಕೊಂಡು ಹೋಗಿ: ‘ಸರ್, ಇವರು ಒಂದು ಹತ್ತಕ್ಕೆ ಮುಗಿಸುತ್ತಾರೆ. ಮುಂದಿನವರಿಗೆ ಹದಿನೈದು ನಿಮಿಷ ಕೊಡೋಣ. ತಾವು ಮೂರು ನಿಮಿಷದಲ್ಲಿ ಮುಗಿಸಿದರೆ ಒಂದೂವರೆಗೆ ಊಟ ಎಂದು ನಾನು ಹೇಳಿಬಿಡುತ್ತೇನೆ. ಆಗಬಹುದೇ?’

ಇಲ್ಲಿ ನೀವು ಅಧ್ಯಕ್ಷರ ಮಾತಿನ ಸಮಯವನ್ನೇ ಕತ್ತರಿಸುತ್ತಿದ್ದೀರಿ. ಮುಜುಗರದ ಕೆಲಸ ನಿಜ. ಆದರೆ ಒಬ್ಬೊಬ್ಬರಾಗಿ ಹಿಂದಿನ ಮೂವರೂ ಇಪ್ಪತ್ತು ನಿಮಿಷ ತೆಗೆದುಕೊಂಡ ಮೇಲೆ ಕೊನೆಯವರಿಗೆ ಮಾತ್ರ ಐದು ನಿಮಿಷ ಎನ್ನುವುದು ಅನ್ಯಾಯ. ಹೆಚ್ಚಿನ ಅಧ್ಯಕ್ಷರು ಇದನ್ನು ಒಪ್ಪುತ್ತಾರೆ. ಒಪ್ಪದವರೂ ಇದ್ದಾರೆ. ‘ನನಗೆ ಇಪ್ಪತ್ತು ನಿಮಿಷ ಬೇಕು’ ಎಂದು ಅವರು ಖಚಿತವಾಗಿ ಹೇಳಿದರೆ, ಒಂದೂವರೆ ಎಂಬ ಮಾತನ್ನು ನೀವು ಸಭೆಗೆ ಹೇಳಬಾರದು. ಸುಳ್ಳಾಗುವ ಹೊತ್ತನ್ನು ಹೇಳುವುದಕ್ಕಿಂತ ಭಾಷಣಕಾರರಿಗೆ ಎಷ್ಟು ನಿಮಿಷ ಎಂದಷ್ಟೇ ಹೇಳುವುದು ಮೇಲು.

ಅದೇ ಓಡಾಟದಲ್ಲಿ ಇನ್ನೆರಡು ಸಂಗತಿ ವಿಚಾರಿಸಿಕೊಳ್ಳಿ. ಮೊದಲನೆಯದು, ಊಟದ ಉಸ್ತುವಾರಿ ಯಾರದು, ಬಡಿಸಲು ಶುರು ಮಾಡಿದ್ದಾರೆಯೇ? ಬಡಿಸುವುದು ಶುರುವಾಗಿದೆ ಎಂಬ ಸುದ್ದಿ ಶಾಮಿಯಾನದೊಳಗೆ ಹಬ್ಬಲು ಎರಡು ನಿಮಿಷವೂ ಬೇಡ. ಹಬ್ಬಿದ ಮೇಲೆ ಯಾವ ಪರಿಚಯವೂ ಸಭೆಯನ್ನು ಹಿಡಿಯುವುದಿಲ್ಲ. ಒಂದೂವರೆಯವರೆಗೆ ತಡೆಯಲು ಅಡುಗೆಯವರನ್ನು ಕೇಳಿಕೊಳ್ಳಿ. ಎರಡನೆಯದು, ವೇದಿಕೆಯಲ್ಲಿರುವ ಗಣ್ಯರಲ್ಲಿ ಯಾರಾದರೂ ಹೊರಡುವ ಆತುರದಲ್ಲಿದ್ದಾರೆಯೇ? ಜನಪ್ರತಿನಿಧಿಯೊಬ್ಬರು ಎದ್ದರೆ ಅವರೊಬ್ಬರೇ ಏಳುವುದಿಲ್ಲ. ಹಿಂಬಾಲಕರು, ಛಾಯಾಗ್ರಾಹಕರು, ಬೀಳ್ಕೊಡಲು ಓಡುವ ಸಂಘಟಕರು ಎಲ್ಲ ಸೇರಿ ಮುಂದಿನ ಎರಡು ಸಾಲು ಖಾಲಿಯಾಗುತ್ತದೆ. ಇದು ನಿಮ್ಮ ಪರಿಚಯದ ನಡುವೆ ಆದರೆ ಎಲ್ಲವೂ ಮುಗಿಯಿತು. ಹೊರಡುವವರಿದ್ದರೆ ಮೂರನೆಯವರಿಗೆ ಚಪ್ಪಾಳೆ ಬೀಳುವ ಹೊತ್ತಿನಲ್ಲೇ ಹೊರಡುವಂತೆ ಅವರ ಆಪ್ತ ಸಹಾಯಕರಿಗೆ ಮೊದಲೇ ಹೇಳಿಡಿ. ಅವರು ಶಾಮಿಯಾನ ದಾಟುವವರೆಗೆ ನೀವು ಬಾಯಿ ತೆರೆಯಬೇಡಿ.

ಹಾರ, ಶಾಲು, ಸ್ಮರಣಿಕೆಗಳೆಲ್ಲ ಊಟದ ನಂತರದ ಗೋಷ್ಠಿಯ ಆರಂಭಕ್ಕೆ ಹೋಗಲಿ. ವಂದನಾರ್ಪಣೆಯೂ ಅಲ್ಲಿಗೇ.

ಭಾಷಣಕಾರರನ್ನು ಏನು ಕೇಳಬೇಕು

ಕೊನೆಯ ಭಾಷಣಕಾರರು ಈ ವೇಳೆಗೆ ಕೈಯಲ್ಲಿನ ಹಾಳೆಗಳನ್ನು ತಿರುವಿ ಹಾಕುತ್ತಾ, ಯಾವುದನ್ನು ಬಿಡಲಿ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತಾರೆ. ಮುಖ ಸ್ವಲ್ಪ ಬಿಗಿದಿರುತ್ತದೆ. ನಮ್ಮಲ್ಲಿ ಸಂಘಟಕರು ಇಂಥ ಹೊತ್ತಿನಲ್ಲಿ ಅವರ ಬಳಿ ಬಂದು ‘ಸ್ವಲ್ಪ ಬೇಗ ಮುಗಿಸಿಬಿಡಿ’ ಎಂದು ಹೇಳಿ ಹೋಗುವುದು ವಾಡಿಕೆ. ಇದರಿಂದ ಭಾಷಣ ಚಿಕ್ಕದಾಗುವುದಿಲ್ಲ. ಮೊದಲ ಐದು ನಿಮಿಷ ‘ಸಮಯ ಇಲ್ಲದಿರುವುದರಿಂದ’ ಎಂಬ ಪೀಠಿಕೆಯಲ್ಲೇ ಕಳೆದುಹೋಗುತ್ತದೆ.

ನೀವು ಪಕ್ಕದಲ್ಲಿ ಕುಳಿತು ಹೀಗೆ ಕೇಳಿ: ‘ಮೇಡಂ, ತಮಗೆ ಹದಿನೈದು ನಿಮಿಷ ಖಂಡಿತ ಇದೆ, ಅಧ್ಯಕ್ಷರ ಬಳಿ ಮಾತನಾಡಿದ್ದೇನೆ. ತಮ್ಮ ಪ್ರಬಂಧದಲ್ಲಿ ಬಿಡಲೇಬಾರದ ಭಾಗ ಯಾವುದು?’ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳುವುದಕ್ಕೂ ಯಾವುದನ್ನು ಉಳಿಸಿಕೊಳ್ಳುತ್ತೀರಿ ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಪ್ರಶ್ನೆಗೆ ಬರುವ ಉತ್ತರದಿಂದ ಎರಡು ಲಾಭ: ಅವರ ಮಾತಿಗೆ ಒಂದು ನಡುಗಂಬ ಸಿಗುತ್ತದೆ, ನಿಮ್ಮ ಪರಿಚಯಕ್ಕೆ ವಸ್ತು ಸಿಗುತ್ತದೆ.

ನಮ್ಮ ಉದಾಹರಣೆಯಲ್ಲಿ ನಾಲ್ಕನೆಯವರು ಒಬ್ಬ ಪ್ರೌಢಶಾಲಾ ಶಿಕ್ಷಕಿ ಎಂದಿಟ್ಟುಕೊಳ್ಳೋಣ. ನೀರುಗಂಟಿ ಮನೆತನದವರು. ಕೆರೆಯ ತೂಬು ತೆರೆದು ಮುಚ್ಚುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ನೀರುಗಂಟಿಯ ಕೆಲಸ. ಕೂಲಿಯಾಗಿ ಸುಗ್ಗಿಯಲ್ಲಿ ರೈತರಿಂದ ಧಾನ್ಯ ಪಡೆಯುವ ಪದ್ಧತಿ ಕೋಲಾರದ ಕಡೆ ಇತ್ತು. ಈ ಶಿಕ್ಷಕಿ ತಾಲ್ಲೂಕಿನ ಹಳೆಯ ನೀರುಗಂಟಿಗಳನ್ನು ಹುಡುಕಿ, ಬರಗಾಲದಲ್ಲಿ ಅವರು ನೀರು ಹಂಚುತ್ತಿದ್ದ ಲೆಕ್ಕವನ್ನು ಬರೆದುಕೊಂಡಿದ್ದಾರೆ. ನಿಮ್ಮ ಪ್ರಶ್ನೆಗೆ ಅವರ ಉತ್ತರ: ‘ಕೆರೆ ಅರ್ಧ ತುಂಬಿದ ವರ್ಷ ಏನು ಮಾಡುತ್ತಿದ್ದರು ಎಂಬುದು. ಅದನ್ನು ಬಿಟ್ಟರೆ ನಾನು ಬಂದದ್ದೇ ವ್ಯರ್ಥ.’

ಅವರು ಕಳಿಸಿದ್ದ ಒಂದೂವರೆ ಪುಟದ ಪರಿಚಯ ಪತ್ರ ನಿಮ್ಮ ಕೈಯಲ್ಲಿದೆ: ಹುಟ್ಟಿದ ಊರು, ಪದವಿಗಳು, ಆರು ಕೃತಿಗಳು, ಜಿಲ್ಲಾ ಮಟ್ಟದ ಎರಡು ಪ್ರಶಸ್ತಿ, ಹಲವು ಸಂಘಗಳ ಪದಾಧಿಕಾರ. ಇದರಲ್ಲಿ ಒಂದೇ ಒಂದು ಸಂಗತಿಯನ್ನು ಉಳಿಸಿಕೊಳ್ಳಿ. ಆರಿಸುವ ಅಳತೆ ಸರಳ: ಈ ವಿಷಯವನ್ನು ಇವರೇ ಏಕೆ ಹೇಳಬೇಕು ಎಂಬುದಕ್ಕೆ ಉತ್ತರವಾಗುವಂಥದ್ದು. ನಮ್ಮ ಶಿಕ್ಷಕಿಯ ವಿಷಯದಲ್ಲಿ ಅದು ಪ್ರಶಸ್ತಿಯಲ್ಲ, ಪದವಿಯೂ ಅಲ್ಲ. ನೀರುಗಂಟಿ ಮನೆಯಲ್ಲಿ ಹುಟ್ಟಿದ್ದು ಮತ್ತು ಆ ಲೆಕ್ಕವನ್ನು ಬರೆದುಕೊಂಡದ್ದು.

ಉಳಿದದ್ದನ್ನು ಬಿಡುವಾಗ ಅವರಿಗೆ ತಿಳಿಸಿ. ‘ಪೂರ್ಣ ಪರಿಚಯವನ್ನು ಮಧ್ಯಾಹ್ನ ಸನ್ಮಾನದ ಹೊತ್ತಿಗೆ ಓದುತ್ತೇವೆ’ ಎಂದರೆ ಸಾಕು, ಬೇಸರ ಇರುವುದಿಲ್ಲ. ಹೇಳದೆ ಬಿಟ್ಟರೆ ಕೆಲವರು ತಮ್ಮ ಪರಿಚಯವನ್ನು ತಾವೇ ಮೈಕಿನಲ್ಲಿ ಪೂರ್ತಿ ಮಾಡುತ್ತಾರೆ, ಅದಕ್ಕೆ ಮೂರು ನಿಮಿಷ. ಹೆಸರನ್ನು, ಊರಿನ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಬರೆಯುವುದು

ನಮ್ಮ ನಾಡಗೀತೆಗೆ ಎರಡೂವರೆ ನಿಮಿಷ ಎಂದು ಸರಕಾರ 2022ರಲ್ಲಿ ನಿಗದಿ ಮಾಡಿತು. ಪರಿಚಯ ಭಾಷಣಕ್ಕೆ ಅಂಥ ಆದೇಶ ಯಾವುದೂ ಇಲ್ಲದಿರುವುದು ನಿರೂಪಕರ ಪುಣ್ಯ, ಸಭಿಕರ ಕರ್ಮ. ತಡವಾದ ಗೋಷ್ಠಿಯಲ್ಲಿ ನಲವತ್ತೈದು ಸೆಕೆಂಡು ಎಂದು ನೀವೇ ಮಿತಿ ಹಾಕಿಕೊಳ್ಳಿ. ಕನ್ನಡದಲ್ಲಿ ಪದಗಳು ಉದ್ದ. ಬಿಡಿಸಿ ಬಿಡಿಸಿ ಹೇಳಿದರೆ ಅಷ್ಟರಲ್ಲಿ ಅರವತ್ತರಿಂದ ಎಪ್ಪತ್ತು ಪದ ಹಿಡಿಯುತ್ತದೆ. ನಿಮ್ಮ ವೇಗ ಬೇರೆ ಇರಬಹುದು, ಮನೆಯಲ್ಲಿ ಮೊಬೈಲಿನಲ್ಲಿ ಒಮ್ಮೆ ಅಳೆದುಕೊಂಡಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕ್ರಮವನ್ನು ತಿರುಗಿಸಿ. ಸಾಮಾನ್ಯವಾಗಿ ಹೆಸರು ಮೊದಲು, ಸಾಧನೆ ಆಮೇಲೆ, ವಿಷಯ ಕೊನೆಗೆ. ಇಲ್ಲಿ ವಿಷಯ ಮೊದಲು, ಅದೂ ಒಂದು ಪ್ರಶ್ನೆಯಾಗಿ, ಆಮೇಲೆ ಆ ಒಂದು ಸಂಗತಿ, ಆಮೇಲೆ ಹೊತ್ತು, ಕಟ್ಟಕಡೆಗೆ ಹೆಸರು. ಹೆಸರು ಮೊದಲೇ ಬಂದರೆ ‘ಇನ್ನೊಬ್ಬರು’ ಎಂದು ಜನ ಲೆಕ್ಕ ಹಾಕಿ ಚಪ್ಪಲಿ ಹುಡುಕುತ್ತಾರೆ. ಪ್ರಶ್ನೆ ಮೊದಲು ಬಂದರೆ ಅದು ಯಾರ ಪ್ರಶ್ನೆ, ಉತ್ತರ ಏನು ಎಂದು ಒಂದು ಗಳಿಗೆ ನಿಲ್ಲುತ್ತಾರೆ. ಆ ಒಂದು ಗಳಿಗೆಯೇ ನಿಮಗೆ ಬೇಕಾದದ್ದು. ಹೆಸರು ಕೊನೆಗೆ ಬರುವುದರಿಂದ ಚಪ್ಪಾಳೆಯೂ ಅಲ್ಲೇ ಬೀಳುತ್ತದೆ, ಭಾಷಣಕಾರರು ಅದರ ಜೊತೆಯಲ್ಲೇ ಎದ್ದು ಬರುತ್ತಾರೆ, ನಡುವೆ ಖಾಲಿ ಹೊತ್ತು ಉಳಿಯುವುದಿಲ್ಲ.

ನಮ್ಮ ಶಿಕ್ಷಕಿಯ ಪರಿಚಯ ಹೀಗಾಗಬಹುದು:

‘ಮಳೆ ಕೈಕೊಟ್ಟ ವರ್ಷ. ಕೆರೆಯಲ್ಲಿ ಅರ್ಧ ನೀರು. ಏರಿಯ ಕೆಳಗಿನ ಮೊದಲ ಗದ್ದೆಗೂ ಅದೇ ನೀರು, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಅದೇ ನೀರು. ಮೀಟರ್ ಇಲ್ಲ, ಕಡತ ಇಲ್ಲ. ತೂಬಿನ ಮುಂದೆ ನಿಂತ ನೀರುಗಂಟಿ ಜಗಳವಾಗದ ಹಾಗೆ ಅದನ್ನು ಹಂಚುತ್ತಿದ್ದದ್ದು ಹೇಗೆ? ನೀರುಗಂಟಿ ಮನೆಯಲ್ಲೇ ಹುಟ್ಟಿ, ಈ ತಾಲ್ಲೂಕಿನ ಹಿರಿಯ ನೀರುಗಂಟಿಗಳ ಮುಂದೆ ಕುಳಿತು ಆ ಲೆಕ್ಕವನ್ನು ಬರೆದುಕೊಂಡವರು ಈಗ ಅದನ್ನು ಹೇಳುತ್ತಾರೆ. ಹದಿನೈದು ನಿಮಿಷ. ಅಧ್ಯಕ್ಷರ ಮಾತೂ ಸೇರಿ ಒಂದೂವರೆಗೆ ಸರಿಯಾಗಿ ನಾವು ಊಟಕ್ಕೆ ಏಳುತ್ತೇವೆ. ಶ್ರೀಮತಿ…’

ಇಲ್ಲಿ ಹೆಸರು, ಮತ್ತು ಅಲ್ಲಿಗೆ ನಿಲ್ಲಿಸಿ. ಹೆಸರಿನ ನಂತರ ‘ಅವರನ್ನು ವೇದಿಕೆಯ ಪರವಾಗಿ, ಸಮ್ಮೇಳನ ಸಮಿತಿಯ ಪರವಾಗಿ, ತಮ್ಮೆಲ್ಲರ ಪರವಾಗಿ’ ಎಂದು ಬಾಲ ಬೆಳೆಸಿದರೆ ಬಿದ್ದ ಚಪ್ಪಾಳೆ ನಡುವೆ ಸಾಯುತ್ತದೆ.

ಒಂದು ಎಚ್ಚರಿಕೆ. ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಮುಟ್ಟಬೇಡಿ. ಪ್ರಬಂಧವನ್ನು ಮೊದಲೇ ಓದಿಕೊಂಡ ನಿರೂಪಕರಿಗೆ ‘ಸರದಿ ಪದ್ಧತಿಯಲ್ಲಿ ಹೀಗೆ ಹಂಚುತ್ತಿದ್ದರು’ ಎಂದು ತಾವೇ ಹೇಳಿಬಿಡುವ ಆಸೆ ಬರುತ್ತದೆ. ಹೇಳಿಬಿಟ್ಟರೆ ಭಾಷಣಕಾರರಿಗೆ ಉಳಿಯುವುದು ವಿವರಣೆ ಮಾತ್ರ.

ಮೂರನೆಯವರ ಮಾತಿಗೆ ಕಿವಿ ಕೊಡಿ

ಇಷ್ಟೆಲ್ಲ ಓಡಾಟದ ನಡುವೆ ಮರೆತುಹೋಗುವ ಕೆಲಸ ಇದು. ನೀವು ಬರೆದಿಟ್ಟ ಪ್ರಶ್ನೆಯನ್ನು ಮೂರನೆಯವರೇ ಎತ್ತಿ ಉತ್ತರಿಸಿರಬಹುದು. ಸಣ್ಣ ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರರೊಬ್ಬರು ಮಾತನಾಡುತ್ತಿದ್ದಾರೆ ಎನ್ನಿ. ಅವರು ನೀರುಗಂಟಿಯ ಕೆಲಸವನ್ನು ಹತ್ತು ನಿಮಿಷ ವಿವರಿಸಿಬಿಟ್ಟರೆ, ಅದೇ ನೀರುಗಂಟಿಯ ಚಿತ್ರದಿಂದ ಪರಿಚಯ ಶುರು ಮಾಡುವುದು ಆತ್ಮಹತ್ಯೆ. ‘ಇದನ್ನು ಈಗಷ್ಟೇ ಕೇಳಿದೆವಲ್ಲ’ ಎಂದುಕೊಂಡ ಸಭಿಕರು ಎದ್ದು ಹೋಗುವುದರಲ್ಲಿ ತಪ್ಪಿಲ್ಲ.

ಆಗ ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದೆ ಸರಿಸಿ. ಭಾಷಣಕಾರರನ್ನು ಪಿಸುಮಾತಿನಲ್ಲಿ ಕೇಳಿ: ‘ಇವರು ಹೇಳದ್ದು ತಮ್ಮಲ್ಲಿ ಏನಿದೆ?’ ನಮ್ಮ ಶಿಕ್ಷಕಿಯಾದರೆ ಬಹುಶಃ, ನೀರುಗಂಟಿಯ ಕೆಲಸ ನಿಂತ ಮೇಲೆ ತೂಬನ್ನು ಯಾರು ತೆರೆದರು, ಆಮೇಲೆ ಏನಾಯಿತು ಎಂಬುದನ್ನು ಹೇಳುತ್ತಾರೆ. ಆಗ ಪರಿಚಯದ ಮೊದಲ ಸಾಲು: ‘ನೀರುಗಂಟಿ ಏನು ಮಾಡುತ್ತಿದ್ದ ಎಂದು ಈಗ ಕೇಳಿದಿರಿ. ಆ ಮನುಷ್ಯ ತೂಬಿನ ಬಳಿಯಿಂದ ಎದ್ದು ಹೋದ ಮರುದಿನ ಏನಾಯಿತು?’ ಹಿಂದಿನವರ ಮಾತು ಈಗ ನಿಮಗೆ ಅಡ್ಡಿಯಲ್ಲ, ಮೆಟ್ಟಿಲು. ಇದಕ್ಕೆ ಒಂದೇ ವಾಕ್ಯ ಸಾಕು. ಮೂರನೆಯವರ ಭಾಷಣದ ಸಾರಾಂಶ ಹೇಳುವುದು, ‘ಎಂಥ ಅದ್ಭುತ ಮಾತುಗಳು’ ಎಂದು ಮೆಚ್ಚುವುದು, ಸಂದರ್ಭಕ್ಕೊಂದು ವಚನ ಹಾಡುವುದು, ಯಾವುದೂ ಬೇಡ. ವಚನಗಳ ಬಗ್ಗೆ ನನಗೆ ತಕರಾರಿಲ್ಲ, ಒಂದು ಹತ್ತರ ಹೊತ್ತಿಗೆ ಹಾಡುವವರ ಬಗ್ಗೆ ಇದೆ.

ಚಪ್ಪಾಳೆಯ ಬಾಲ

ಸಭಿಕರು ಏಳುವುದು ಭಾಷಣದ ನಡುವೆ ಅಲ್ಲ, ಎರಡು ಭಾಷಣಗಳ ನಡುವಿನ ಸಂದಿನಲ್ಲಿ. ಒಬ್ಬರು ಮಾತನಾಡುತ್ತಿರುವಾಗ ಎದ್ದು ಹೋಗಲು ಸಂಕೋಚವಿರುತ್ತದೆ. ಚಪ್ಪಾಳೆ ಬಿದ್ದ ಕೂಡಲೇ ಆ ಸಂಕೋಚ ಕರಗುತ್ತದೆ. ಆದ್ದರಿಂದ ಮೂರನೆಯವರು ‘ನನ್ನ ಮಾತಿಗೆ ವಿರಾಮ ಹೇಳುತ್ತೇನೆ’ ಎನ್ನುವಾಗ ನೀವು ಮೈಕಿನಿಂದ ಎರಡು ಹೆಜ್ಜೆ ದೂರದಲ್ಲಿರಬೇಕು. ಎಲ್ಲರೂ ಬಲ್ಲಂತೆ ಈ ಮಾತಿನ ನಂತರವೂ ಐದು ನಿಮಿಷ ಹೋಗಬಹುದು, ನಿಂತೇ ಇರಿ. ಗಣ್ಯರಾರೂ ಹೊರಡುತ್ತಿಲ್ಲವಾದರೆ ಚಪ್ಪಾಳೆ ಪೂರ್ತಿ ಇಳಿಯುವ ಮೊದಲೇ ಮೊದಲ ವಾಕ್ಯ ಹೇಳಿ. ಸಂಬೋಧನೆ ‘ಅಧ್ಯಕ್ಷರೇ, ಸ್ನೇಹಿತರೇ’ ಎಂಬಲ್ಲಿಗೆ ಮುಗಿಯಲಿ. ವೇದಿಕೆಯ ಮೇಲಿನ ಎಲ್ಲರ ಹೆಸರು ಬೆಳಗ್ಗೆಯೇ ಬಂದಿದೆ.

ಧ್ವನಿ ಏರಿಸಬೇಡಿ, ಓಡಿಸಲೂ ಬೇಡಿ. ಗಡಿಬಿಡಿಯಲ್ಲಿ ಹೇಳಿದ ಪರಿಚಯ, ಬರುತ್ತಿರುವುದು ಹೇಗಾದರೂ ಮುಗಿಸಬೇಕಾದ ಬಾಕಿ ಎಂಬುದನ್ನೇ ಸಾರುತ್ತದೆ. ವಾಕ್ಯಗಳು ಚಿಕ್ಕದಿದ್ದರೆ ನಿಧಾನವಾಗಿ ಹೇಳಿದರೂ ಹೊತ್ತು ಹಿಡಿಯುವುದಿಲ್ಲ. ಹಾಳೆ ನೋಡದೆ ಹೇಳಿ. ಅರವತ್ತು ಪದ ಬಾಯಿಗೆ ಬಾರದಷ್ಟು ಹೆಚ್ಚೇನಲ್ಲ. ಕಣ್ಣು ಹಿಂದಿನ ಸಾಲುಗಳ ಮೇಲಿರಲಿ, ಏಳುವವರು ಇರುವುದು ಅಲ್ಲೇ.

ಬಾಯಿಗೆ ತಾನಾಗಿ ಬಂದುಬಿಡುವ ಕೆಲವು ಮಾತುಗಳನ್ನು ಹಲ್ಲಿನ ಹಿಂದೆಯೇ ತಡೆಯಬೇಕು. ‘ಸಮಯದ ಅಭಾವದಿಂದ’ ಎಂದರೆ ಮರೆತವರಿಗೂ ಗಡಿಯಾರ ನೆನಪಾಗುತ್ತದೆ. ‘ಹೊಟ್ಟೆ ತಾಳ ಹಾಕುತ್ತಿದೆ ಎಂದು ಗೊತ್ತು’ ಎಂಬ ಹಾಸ್ಯಕ್ಕೆ ನಗು ಬರುತ್ತದೆ, ಆ ನಗುವಿನ ಜೊತೆಯಲ್ಲೇ ಹತ್ತು ಜನ ಏಳುತ್ತಾರೆ. ‘ಇವರು ಚುಟುಕಾಗಿ ಮಾತನಾಡಬೇಕೆಂದು ವಿನಂತಿ’ ಎಂದು ಮೈಕಿನಲ್ಲಿ ಹೇಳುವುದಂತೂ ಅತಿಥಿಗೆ ಮಾಡುವ ಅವಮಾನ. ಹಿಂದಿನ ಮೂವರ ಸಾಲವನ್ನು ಅವರೇಕೆ ತೀರಿಸಬೇಕು? ‘ದಯವಿಟ್ಟು ಯಾರೂ ಏಳಬಾರದು’ ಎಂಬ ಮಾತು ಏಳುವ ಯೋಚನೆ ಇಲ್ಲದವರಿಗೂ ಆ ದಾರಿ ತೋರಿಸುತ್ತದೆ. ಯಾರಾದರೂ ಎದ್ದರೆ ಅವರ ಕಡೆ ನೋಡದೆ ಮುಂದುವರಿಯಿರಿ.

ನೀವು ಮಾತನಾಡುತ್ತಿರುವಾಗ ವೇದಿಕೆಯೂ ನಿಮ್ಮ ಜೊತೆ ಇರಬೇಕು. ಅಧ್ಯಕ್ಷರು ಪಕ್ಕದವರ ಜೊತೆ ಹರಟುತ್ತಿದ್ದರೆ ಸಭಿಕರು ಏಕೆ ಕೇಳಬೇಕು? ಚೀಟಿ ಕೊಡಲು ಹೋದಾಗಲೇ ‘ಪರಿಚಯದ ಹೊತ್ತಿಗೆ ತಾವೆಲ್ಲ ಈ ಕಡೆ ನೋಡಿದರೆ ಅನುಕೂಲ’ ಎಂದು ವಿನಯದಿಂದ ಹೇಳಿಡಬಹುದು. ಪರದೆಯ ಮೇಲೆ ಚಿತ್ರ ತೋರಿಸುವುದಿದ್ದರೆ ಮೊದಲ ಚಿತ್ರ ಪರದೆಯಲ್ಲಿ ಸಿದ್ಧವಾಗಿರಲಿ. ಎಂಜಿನಿಯರರ ಎತ್ತರಕ್ಕೆ ನಿಲ್ಲಿಸಿದ್ದ ಮೈಕನ್ನು ಹೆಸರು ಹೇಳಿದ ಕೂಡಲೇ ನೀವೇ ತಗ್ಗಿಸಿಕೊಟ್ಟು ಪಕ್ಕಕ್ಕೆ ಸರಿಯಿರಿ. ‘ಹಲೋ, ಹಲೋ, ಕೇಳುತ್ತಿದೆಯೇ’ ಎಂಬ ಅರ್ಧ ನಿಮಿಷ, ನೀವು ಹಿಡಿದುಕೊಟ್ಟ ಗಮನವನ್ನು ಪೂರ್ತಿ ಚೆಲ್ಲಿಬಿಡುತ್ತದೆ.

ಪರಿಚಯ ಮಾಡಲೇಬಾರದ ಸಂದರ್ಭ

ಮೊಬೈಲ್ ನೋಡುತ್ತಿರುವ ಸಭೆ ಕೈ ತಪ್ಪಿದ ಸಭೆಯಲ್ಲ, ಕುಳಿತಿದ್ದಾರೆ ತಾನೇ. ಚೀಲಗಳು ಮಡಿಲಿಗೆ ಬಂದಿದ್ದರೆ, ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರೆ, ಹಿಂದಿನ ಸಾಲುಗಳು ಬಾಗಿಲ ಕಡೆ ಮುಖ ಮಾಡಿದ್ದರೆ ಆಸೆ ಕಡಿಮೆ. ಊಟದ ಪಂಕ್ತಿ ಆಗಲೇ ಶುರುವಾಗಿದ್ದರೆ ಆಸೆಯೇ ಇಲ್ಲ. ಆಗ ಅಧ್ಯಕ್ಷರ ಒಪ್ಪಿಗೆ ಪಡೆದು, ಭಾಷಣಕಾರರನ್ನೂ ಕೇಳಿ, ಅವರ ಮಾತನ್ನು ಊಟದ ನಂತರಕ್ಕೆ ಹಾಕುವುದು ಸರಿ. ಇದಕ್ಕೂ ಒಂದು ತೊಡಕಿದೆ. ಊಟದ ನಂತರದ ಮೊದಲ ಹತ್ತು ನಿಮಿಷ ಶಾಮಿಯಾನ ಅರ್ಧ ಖಾಲಿ ಇರುತ್ತದೆ, ಬಂದವರಿಗೆ ತೂಕಡಿಕೆ. ಹಾಗಾಗಿ ಸನ್ಮಾನ, ಸ್ಮರಣಿಕೆ, ವಂದನೆಗಳನ್ನು ಮೊದಲು ಮುಗಿಸಿ, ಜನ ತುಂಬಿದ ಮೇಲೆ ಅವರನ್ನು ಕರೆಯಿರಿ. ಈ ನಿರ್ಧಾರವಾದರೆ ಊಟಕ್ಕೆ ಬಿಡುವ ಮೊದಲು ಆ ಪ್ರಶ್ನೆಯನ್ನು ಮಾತ್ರ ಸಭೆಗೆ ಹೇಳಿ ಕಳಿಸಿ: ‘ಅರ್ಧ ಕೆರೆ ನೀರನ್ನು ನೀರುಗಂಟಿ ಹಂಚಿದ್ದು ಹೇಗೆ? ಎರಡೂಕಾಲಕ್ಕೆ ಇಲ್ಲೇ ಉತ್ತರ.’

ಗೋಷ್ಠಿ ಮುಂದುವರಿದರೆ, ನೀವು ಒಂದೂವರೆ ಎಂದು ಮಾತು ಕೊಟ್ಟವರು. ವೇದಿಕೆಯ ಬದಿಯಲ್ಲಿ, ಭಾಷಣಕಾರರ ಕಣ್ಣಿಗೆ ಬೀಳುವಂತೆ ನಿಂತಿರಿ. ಅವರ ಹಿಂದೆ ನಿಂತು ಕೈಗಡಿಯಾರ ನೋಡುವುದು ಬೇಡ. ಹತ್ತು ನಿಮಿಷವಾದಾಗ ‘ಇನ್ನು ಐದು ನಿಮಿಷ’ ಎಂಬ ಚೀಟಿ ಮೈಕಿನ ಬಳಿ ಇಡಿ. ಒಂದು ಇಪ್ಪತ್ತೇಳಾದರೂ ಮುಗಿಯದಿದ್ದರೆ ಎರಡನೆಯ ಚೀಟಿಯನ್ನು ಅವರಿಗೆ ಕೊಡಬೇಡಿ, ಅಧ್ಯಕ್ಷರಿಗೆ ಕೊಡಿ. ತಮ್ಮ ಮೂರು ನಿಮಿಷವನ್ನು ಬಿಟ್ಟುಕೊಡುವುದೋ, ಮಾತನ್ನು ಅಲ್ಲಿಗೆ ನಿಲ್ಲಿಸುವಂತೆ ಕೇಳುವುದೋ ಎಂಬುದನ್ನು ಅವರು ತೀರ್ಮಾನಿಸಲಿ.